ಆಫರ್ ಒಪ್ಪಿದ ಮೇಲೆ ರಿಕ್ರೂಟರ್‌ಗೆ ಬರೆಯಬೇಕಾದ ಪತ್ರ

ಮಿತ್ರರೇ, ಕೆಲಸ ಹುಡುಕುವುದು ಹೇಗೆ, ಸಂದರ್ಶನದಲ್ಲಿ ಉತ್ತರಿಸುವುದು ಹೇಗೆ, ಸಂಬಳದ ಮಾತು ಆಡುವುದು ಹೇಗೆ ಎಂಬುದನ್ನು ಹೇಳಿಕೊಡುವವರು ಬಹಳ ಜನರಿದ್ದಾರೆ. ಇವೆಲ್ಲ ಮುಗಿದು, ಆಫರ್ ಲೆಟರ್‌ಗೆ ಸಹಿ ಹಾಕಿ ಕಳುಹಿಸಿದ ನಂತರ, ಹೊಸ ಕಚೇರಿಯ ಬಾಗಿಲು ತೆರೆಯುವವರೆಗಿನ ವಾರಗಳಲ್ಲಿ ಬರೆಯಬೇಕಾದ ಒಂದು ಪತ್ರದ ಬಗ್ಗೆ ಮಾತ್ರ ನಾನು ಈ ದಿನ ಮಾತನಾಡುತ್ತೇನೆ. ನೇಮಕಾತಿಯ ಕೆಲಸದಲ್ಲಿ ಬಹಳ ವರ್ಷಗಳಿಂದ ಇರುವ ನನಗೆ ಕಂಡಂತೆ, ಈ ಅವಧಿಯಲ್ಲಿ ಹುಟ್ಟುವ ತೊಂದರೆಗಳಲ್ಲಿ ಹೆಚ್ಚಿನವು ಯಾರ ಕೆಟ್ಟ ಉದ್ದೇಶದಿಂದಲೂ ಬಂದವಲ್ಲ. ಎಲ್ಲರೂ ಒಂದೇ ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದು ಎಲ್ಲರೂ ಭಾವಿಸಿಕೊಂಡಿರುತ್ತಾರೆ, ಆದರೆ ಅದನ್ನು ಯಾರೂ ಬರೆದು ಕೇಳಿರುವುದಿಲ್ಲ.

ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಎಂದು ಅಚ್ಚಾಗಿರುವುದನ್ನು ನಾವು ನಿಗದಿಯಾದ ದಿನ ಎಂದು ಓದುತ್ತೇವೆ. ವಾಸ್ತವದಲ್ಲಿ ಅದು ರಿಕ್ರೂಟರ್ ನಿಮ್ಮನ್ನು ಸಂದರ್ಶನದ ಹೊತ್ತಿನಲ್ಲಿ ‘ನೋಟಿಸ್ ಅವಧಿ ಎಷ್ಟು?’ ಎಂದು ಕೇಳಿ, ನೀವು ಹೇಳಿದ ಉತ್ತರಕ್ಕೆ ಒಂದೆರಡು ದಿನ ಸೇರಿಸಿ, ಹತ್ತಿರದ ಸೋಮವಾರಕ್ಕೆ ಹೊಂದಿಸಿ ಬರೆದ ಅಂದಾಜು. ಆ ಅಂದಾಜು ನಿಜವಾಗಬೇಕಾದರೆ ಎರಡು ಸಂಗತಿಗಳು ಅದಕ್ಕಿಂತ ಮೊದಲೇ ಮುಗಿದಿರಬೇಕು. ನಿಮ್ಮ ಈಗಿನ ಸಂಸ್ಥೆ ನಿಮ್ಮನ್ನು ಬಿಡುಗಡೆ ಮಾಡಿರಬೇಕು, ಮತ್ತು ಹೊಸ ಸಂಸ್ಥೆ ನಿಮ್ಮ ಹಿನ್ನೆಲೆಯ ಪರಿಶೀಲನೆಯನ್ನು ತನಗೆ ಬೇಕಾದ ಮಟ್ಟಿಗೆ ಪೂರೈಸಿಕೊಂಡಿರಬೇಕು. ಮೊದಲನೆಯದು ರಿಕ್ರೂಟರ್‌ಗೆ ಕಾಣುವುದಿಲ್ಲ, ಎರಡನೆಯದು ನಿಮ್ಮ ಹಳೆಯ ಸಂಸ್ಥೆಗೆ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಬಲ್ಲವರು ನೀವೊಬ್ಬರೇ ಆದ್ದರಿಂದ ಪತ್ರ ಬರೆಯುವ ಹೊಣೆಯೂ ನಿಮ್ಮದೇ ಆಗುತ್ತದೆ.

ದಿನಾಂಕದ ಲೆಕ್ಕವನ್ನು ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ಒಬ್ಬ ಮಹಿಳೆ ಮಾರ್ಚ್ 3ರ ಸೋಮವಾರ ಹೊಸ ಸಂಸ್ಥೆಯ ಆಫರ್ ಲೆಟರ್‌ಗೆ ಸಹಿ ಹಾಕುತ್ತಾರೆ. ಅದರಲ್ಲಿ ಸೇರುವ ದಿನಾಂಕ ಮೇ 5, ಸೋಮವಾರ ಎಂದಿದೆ. ಅವರ ಈಗಿನ ಸಂಸ್ಥೆಯಲ್ಲಿ ನೋಟಿಸ್ ಅವಧಿ 60 ದಿನ. ಮರುದಿನ, ಮಾರ್ಚ್ 4ರಂದು, ಅವರು ರಾಜೀನಾಮೆಯ ಇಮೇಲ್ ಕಳುಹಿಸುತ್ತಾರೆ. ಆ ದಿನವನ್ನೂ ಸೇರಿಸಿ ಎಣಿಸಿದರೆ ಅರವತ್ತನೆಯ ದಿನ ಮೇ 2ರ ಶುಕ್ರವಾರಕ್ಕೆ ಬರುತ್ತದೆ. ಶನಿವಾರ ಮತ್ತು ಭಾನುವಾರ ಕಳೆದು ಸೋಮವಾರ ಹೊಸ ಕೆಲಸ. ಕಾಗದದ ಮೇಲೆ ಇದಕ್ಕಿಂತ ಸಲೀಸಾದ ಲೆಕ್ಕ ಇರಲಾರದು.

ಆದರೆ ಅವರ ಮ್ಯಾನೇಜರ್ ಆ ಇಮೇಲ್‌ಗೆ ಉತ್ತರ ಬರೆದು ರಾಜೀನಾಮೆಯನ್ನು ಅಂಗೀಕರಿಸಿದ್ದು ಮಾರ್ಚ್ 7ರ ಶುಕ್ರವಾರ. ಸಂಸ್ಥೆಯ ಎಚ್‌ಆರ್ ವ್ಯವಸ್ಥೆಯಲ್ಲಿ ನೋಟಿಸ್ ಅವಧಿ ಅಂಗೀಕಾರದ ದಿನದಿಂದ ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಅರವತ್ತನೆಯ ದಿನ ಮೇ 5. ಅಂದರೆ ಹಳೆಯ ಕೆಲಸದ ಕೊನೆಯ ದಿನವೂ ಹೊಸ ಕೆಲಸದ ಮೊದಲ ದಿನವೂ ಒಂದೇ ಆಯಿತು. ಇದರ ಮೇಲೆ ಅವರು ಏಪ್ರಿಲ್‌ನಲ್ಲಿ ಎರಡು ದಿನ ರಜೆ ಕೇಳಿದ್ದಾರೆ. ನೋಟಿಸ್ ಅವಧಿಯಲ್ಲಿ ತೆಗೆದುಕೊಂಡ ರಜೆಯಷ್ಟು ದಿನ ಆ ಅವಧಿ ಮುಂದಕ್ಕೆ ಹೋಗುತ್ತದೆ ಎಂಬ ಷರತ್ತು ಅವರ ಹಳೆಯ ನೇಮಕಾತಿ ಪತ್ರದ ಎರಡನೆಯ ಪುಟದಲ್ಲಿದೆ. ಹಾಗಾಗಿ ಕೊನೆಯ ದಿನ ಮೇ 7, ಬುಧವಾರ. ಹೊಸ ಸಂಸ್ಥೆ ಹೊಸಬರನ್ನು ಸೋಮವಾರಗಳಂದು ಮಾತ್ರ ಸೇರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದರೆ, ಅವರು ನಿಜವಾಗಿ ಸೇರಬಹುದಾದ ಮೊದಲ ದಿನ ಮೇ 12. ಆಫರ್ ಲೆಟರ್‌ನ ದಿನಾಂಕಕ್ಕೂ ಇದಕ್ಕೂ ಒಂದು ವಾರ ಅಂತರವಿದೆ, ಮತ್ತು ಆ ಒಂದು ವಾರ ಹುಟ್ಟಿದ್ದು ಎಣಿಕೆ ಯಾವ ದಿನದಿಂದ ಆರಂಭವಾಗುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಮತ್ತು ಎರಡು ದಿನದ ರಜೆಯಿಂದ.

ಇಲ್ಲಿ ಮುಖ್ಯವಾದ ಮಾತು ಇದು: ನಿಮ್ಮ ಕೊನೆಯ ಕೆಲಸದ ದಿನವನ್ನು ನೀವೇ ಎಣಿಸಿ ರಿಕ್ರೂಟರ್‌ಗೆ ತಿಳಿಸಬೇಡಿ. ಎಣಿಸುವ ಅಧಿಕಾರ ಹಳೆಯ ಸಂಸ್ಥೆಯ ಎಚ್‌ಆರ್‌ಗೆ ಇದೆ. ನೋಟಿಸ್ ಅವಧಿ ರಾಜೀನಾಮೆ ಕೊಟ್ಟ ದಿನದಿಂದಲೋ, ಮರುದಿನದಿಂದಲೋ, ಅಂಗೀಕಾರದ ದಿನದಿಂದಲೋ ಎಂಬುದೂ, ಎಣಿಸುವುದು ಎಲ್ಲ ದಿನಗಳನ್ನೋ ಕೆಲಸದ ದಿನಗಳನ್ನಷ್ಟೋ ಎಂಬುದೂ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಆದ್ದರಿಂದ ಮೊದಲ ಇಮೇಲ್ ಹೊಸ ಸಂಸ್ಥೆಗಲ್ಲ, ಹಳೆಯ ಸಂಸ್ಥೆಗೆ ಹೋಗಬೇಕು. ‘ನನ್ನ ಕೊನೆಯ ಕೆಲಸದ ದಿನ ಯಾವುದು ಎಂಬುದನ್ನು, ಏಪ್ರಿಲ್‌ನಲ್ಲಿ ಕೇಳಿರುವ ಎರಡು ದಿನದ ರಜೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ದಯವಿಟ್ಟು ಲಿಖಿತವಾಗಿ ತಿಳಿಸಿ’ ಎಂಬ ಒಂದೇ ವಾಕ್ಯ ಸಾಕು. ನಮ್ಮ ಉದಾಹರಣೆಯ ಮಹಿಳೆಗೆ ಈ ಉತ್ತರ ಮಾರ್ಚ್ 11ರಂದು ಬಂತೆಂದುಕೊಳ್ಳೋಣ. ಆಗ ಅವರ ಕೈಯಲ್ಲಿ ಊಹೆಯ ಬದಲು ಒಂದು ದಾಖಲೆ ಇದೆ, ಮತ್ತು ಹೊಸ ಸಂಸ್ಥೆಯ ಮುಂದೆ ಇನ್ನೂ ಎಂಟು ವಾರಗಳ ಸಮಯವಿದೆ. ಇದೇ ಸಂಗತಿ ಏಪ್ರಿಲ್ ಕೊನೆಯಲ್ಲಿ ತಿಳಿದಿದ್ದರೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ರವಾನೆಯಾಗಿ, ತರಬೇತಿಯ ಪಟ್ಟಿಯಲ್ಲಿ ಹೆಸರು ಸೇರಿ, ತಂಡದವರು ಕೆಲಸ ಹಂಚಿಕೊಂಡು ಆಗಿರುತ್ತಿತ್ತು.

ದಿನಾಂಕ ಬದಲಾಗುವಾಗ ರಿಕ್ರೂಟರ್ ಫೋನಿನಲ್ಲಿ ‘ಪರವಾಗಿಲ್ಲ, ಹನ್ನೆರಡಕ್ಕೆ ಬನ್ನಿ’ ಎನ್ನುವುದುಂಟು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಹಲವು ಆಫರ್ ಲೆಟರ್‌ಗಳಲ್ಲಿ, ಸೂಚಿಸಿದ ದಿನಾಂಕದಂದು ಸೇರದಿದ್ದರೆ ಈ ಆಫರ್ ತಾನಾಗಿ ರದ್ದಾಗುತ್ತದೆ ಎಂಬ ಸಾಲು ಇರುತ್ತದೆ. ಆ ಸಾಲು ಇದ್ದರೆ, ಫೋನಿನ ಮಾತು ಅದನ್ನು ಅಳಿಸುವುದಿಲ್ಲ. ಹೊಸ ದಿನಾಂಕ ಹೊತ್ತ ತಿದ್ದಿದ ಆಫರ್ ಲೆಟರ್ ಕೇಳಿ. ಅದು ಆಗದೆಂದರೆ ಸಂಸ್ಥೆಯ ಅಧಿಕೃತ ವಿಳಾಸದಿಂದ, ಹಳೆಯ ದಿನಾಂಕದ ಬದಲಿಗೆ ಈ ದಿನಾಂಕ ಅನ್ವಯವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳುವ ಇಮೇಲ್ ಆದರೂ ಇರಲಿ. ರಿಕ್ರೂಟರ್ ಹೊಸ ಸಂಸ್ಥೆಯ ಉದ್ಯೋಗಿಯಲ್ಲದೆ ಹೊರಗಿನ ಏಜೆನ್ಸಿಯವರಾಗಿದ್ದರಂತೂ ಇದು ಇನ್ನೂ ಅಗತ್ಯ. ಏಜೆನ್ಸಿಯವರ ಒಪ್ಪಿಗೆ ಸಂಸ್ಥೆಯ ಒಪ್ಪಿಗೆ ಆಗುವುದಿಲ್ಲ. ಅವರು ನಿಮ್ಮ ಕೋರಿಕೆಯನ್ನು ಮುಂದಕ್ಕೆ ತಲುಪಿಸುವವರು ಮಾತ್ರ.

ದಿನಾಂಕ ಒಂದು ವಾರ ಸರಿದರೆ ಅದರ ಜತೆಗೆ ಇನ್ನೇನು ಸರಿಯುತ್ತದೆ ಎಂದೂ ಅದೇ ಪತ್ರದಲ್ಲಿ ಕೇಳಬೇಕು. ಬಹಳಷ್ಟು ಸಂಸ್ಥೆಗಳಲ್ಲಿ ಸಂಬಳದ ಪಟ್ಟಿ ತಿಂಗಳ ಒಂದು ನಿರ್ದಿಷ್ಟ ದಿನಕ್ಕೆ ಮುಚ್ಚುತ್ತದೆ. ಆ ದಿನದ ನಂತರ ಸೇರಿದವರಿಗೆ ಮೊದಲ ತಿಂಗಳ ಸಂಬಳ ಮುಂದಿನ ತಿಂಗಳ ಸಂಬಳದ ಜತೆ ಸೇರಿ ಬರುತ್ತದೆ. ಪಟ್ಟಿ 10ನೇ ತಾರೀಖಿಗೆ ಮುಚ್ಚುವ ಸಂಸ್ಥೆಯಾಗಿದ್ದರೆ, ಮೇ 5ಕ್ಕೆ ಸೇರಿದವರಿಗೆ ಮೇ ಕೊನೆಗೆ ಹಣ ಕೈಸೇರುತ್ತದೆ, ಮೇ 12ಕ್ಕೆ ಸೇರಿದವರು ಜೂನ್ ಕೊನೆಯವರೆಗೆ ಕಾಯಬೇಕು. ಹಣ ಎಲ್ಲಿಯೂ ಕಳೆದುಹೋಗಿಲ್ಲ, ಆದರೆ ತಿಂಗಳ ಕಂತು ಕಟ್ಟಬೇಕಾದವರಿಗೆ ಇದು ಮೊದಲೇ ಗೊತ್ತಿರಬೇಕಾದ ವಿಷಯ. ವಿಮೆಯ ರಕ್ಷಣೆಯ ವಿಚಾರವೂ ಹೀಗೆಯೇ: ಅದು ಸೇರಿದ ದಿನದಿಂದ ಆರಂಭವೋ, ಮುಂದಿನ ತಿಂಗಳ ಮೊದಲ ದಿನದಿಂದಲೋ, ಅಥವಾ ಫಾರ್ಮ್ ತುಂಬಿಸಿ ಕೊಟ್ಟ ಮೇಲೋ? ಹಳೆಯ ಸಂಸ್ಥೆಯ ವಿಮೆ ಕೊನೆಯ ಕೆಲಸದ ದಿನಕ್ಕೇ ಮುಗಿಯುವುದಾದರೆ ನಡುವಿನ ದಿನಗಳಿಗೆ ಮನೆಯವರಿಗೆ ರಕ್ಷಣೆ ಇಲ್ಲ ಎಂದಾಯಿತು. ಚಿಕಿತ್ಸೆ ನಡೆಯುತ್ತಿರುವವರು ಮನೆಯಲ್ಲಿದ್ದರೆ ಇದನ್ನು ಕೇಳದೆ ಬಿಡಬಾರದು.

ಈಗ ದಾಖಲೆಗಳ ಪಟ್ಟಿಗೆ ಬರುತ್ತೇನೆ. ರಿಕ್ರೂಟರ್ ಕಳುಹಿಸುವ ಪಟ್ಟಿ ಸಾಮಾನ್ಯವಾಗಿ ಎಲ್ಲರಿಗೂ ಕಳುಹಿಸುವ ಒಂದೇ ಪಟ್ಟಿ. ಗುರುತಿನ ದಾಖಲೆ, ವಿಳಾಸದ ದಾಖಲೆ, ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳು, ಹಿಂದಿನ ಸಂಸ್ಥೆಗಳ ಅನುಭವ ಪತ್ರ, ರಿಲೀವಿಂಗ್ ಲೆಟರ್, ಕೊನೆಯ ಕೆಲವು ತಿಂಗಳ ಪೇ ಸ್ಲಿಪ್, ಬ್ಯಾಂಕ್ ಖಾತೆಯ ವಿವರ, ತೆರಿಗೆಗೆ ಸಂಬಂಧಿಸಿದ ಸಂಖ್ಯೆ, ಭಾವಚಿತ್ರ ಎಂದು ಅದು ಸಾಗುತ್ತದೆ. ಈ ಪಟ್ಟಿಯನ್ನು ಓದಿ ಕಾಗದಗಳನ್ನು ಜೋಡಿಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಪಟ್ಟಿಯ ಪ್ರತಿಯೊಂದು ಸಾಲಿಗೂ ಎರಡು ಪ್ರಶ್ನೆಗಳಿವೆ: ಇದು ಯಾವ ರೂಪದಲ್ಲಿ ಬೇಕು, ಮತ್ತು ಯಾವಾಗ ಬೇಕು? ಸ್ಕ್ಯಾನ್ ಪ್ರತಿ ಸಾಕೋ, ದೃಢೀಕರಿಸಿದ ಪ್ರತಿ ಬೇಕೋ, ಮೊದಲ ದಿನ ಮೂಲ ಪ್ರತಿ ತಂದು ತೋರಿಸಬೇಕೋ? ಸೇರುವ ಮೊದಲೇ ಅಪ್‌ಲೋಡ್ ಆಗಬೇಕೋ, ಸೇರಿದ ದಿನ ಕೊಡಬಹುದೋ, ಸೇರಿದ ಮೇಲೆ ಇಂತಿಷ್ಟು ದಿನಗಳ ಒಳಗೆ ಕೊಟ್ಟರಾಯಿತೋ?

‘ಯಾವಾಗ’ ಎಂಬ ಪ್ರಶ್ನೆ ಕೆಲವೊಮ್ಮೆ ಸಂಸ್ಥೆಯ ಇಷ್ಟಕ್ಕೆ ಬಿಟ್ಟದ್ದಲ್ಲ, ಆಯಾ ದೇಶದ ಕಾನೂನು ಹೇಳಿದ್ದು. ಬ್ರಿಟನ್‌ನಲ್ಲಿ ಕೆಲಸ ಮಾಡುವ ಹಕ್ಕಿನ ಪರಿಶೀಲನೆಯನ್ನು ಉದ್ಯೋಗ ಆರಂಭವಾಗುವ ಮೊದಲೇ ಮಾಡಬೇಕು. ಅಮೆರಿಕದಲ್ಲಿ ಐ-9 ಎಂಬ ನಮೂನೆಯ ಮೊದಲ ಭಾಗವನ್ನು ಉದ್ಯೋಗಿ ಮೊದಲ ದಿನದೊಳಗೆ ತುಂಬಬೇಕು, ಅವರ ದಾಖಲೆಗಳನ್ನು ಉದ್ಯೋಗದಾತರು ನೋಡಿ ತಮ್ಮ ಭಾಗವನ್ನು ಮೊದಲ ದಿನದಿಂದ ಮೂರು ಕೆಲಸದ ದಿನಗಳ ಒಳಗೆ ಮುಗಿಸಬೇಕು. ಅಂಗೀಕೃತ ಪಟ್ಟಿಯಲ್ಲಿರುವ ಯಾವ ದಾಖಲೆ ತೋರಿಸಬೇಕೆಂಬ ಆಯ್ಕೆ ಮಾತ್ರ ಉದ್ಯೋಗಿಯದು. ಇಂತಹ ಗಡುವುಗಳನ್ನು ರಿಕ್ರೂಟರ್ ಸಡಿಲಿಸಲು ಬರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಯಾವುದು ಕಾನೂನಿಗೆ ಬೇಕಾದದ್ದು, ಯಾವುದು ಸಂಸ್ಥೆಯ ಪದ್ಧತಿಗೆ ಬೇಕಾದದ್ದು ಎಂದು ಕೇಳಿ ತಿಳಿದುಕೊಂಡರೆ, ಎಲ್ಲಿ ವಿನಾಯಿತಿ ಕೇಳಬಹುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಪಟ್ಟಿಯಲ್ಲಿರುವ ಒಂದು ದಾಖಲೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಅದು ಈಗಿನ ಸಂಸ್ಥೆಯ ರಿಲೀವಿಂಗ್ ಲೆಟರ್. ಸೇರುವ ಎರಡು ವಾರ ಮೊದಲೇ ಎಲ್ಲ ದಾಖಲೆಗಳನ್ನೂ ಅಪ್‌ಲೋಡ್ ಮಾಡಿ ಎಂದು ಪೋರ್ಟಲ್ ಕೇಳುತ್ತದೆ, ಅದರಲ್ಲಿ ಈ ಪತ್ರವೂ ಕಡ್ಡಾಯ ಎಂಬ ಗುರುತು ಹೊತ್ತು ನಿಂತಿರುತ್ತದೆ. ಆದರೆ ಆ ಪತ್ರ ಆ ಹೊತ್ತಿಗೆ ಇರುವುದೇ ಇಲ್ಲ. ಅದು ಕೊನೆಯ ದಿನದ ನಂತರ, ಸಾಮಾನುಗಳನ್ನು ಹಿಂದಿರುಗಿಸಿ, ಬಾಕಿ ಲೆಕ್ಕ ತೀರಿದ ಮೇಲೆ ಹೊರಡುತ್ತದೆ, ಮತ್ತು ಕೆಲವೆಡೆ ಅದಕ್ಕೆ ವಾರಗಳೇ ಹಿಡಿಯುತ್ತವೆ. ಇಂತಹ ಹೊತ್ತಿನಲ್ಲಿ ಕೆಲವರು ಆ ಜಾಗಕ್ಕೆ ಬೇರೆ ಯಾವುದೋ ಪತ್ರವನ್ನು ಅಪ್‌ಲೋಡ್ ಮಾಡಿ ಮುಂದೆ ಹೋಗುತ್ತಾರೆ. ಪೋರ್ಟಲ್ ಅದನ್ನು ಸ್ವೀಕರಿಸುತ್ತದೆ. ಆಮೇಲೆ ಪರಿಶೀಲನೆಯವರು ತೆರೆದು ನೋಡಿ, ತಪ್ಪು ದಾಖಲೆ ಎಂದು ಗುರುತು ಹಾಕುತ್ತಾರೆ, ಮತ್ತು ಸೇರುವ ಹಿಂದಿನ ಶುಕ್ರವಾರ ನಿಮಗೊಂದು ಇಮೇಲ್ ಬರುತ್ತದೆ.

ಇದಕ್ಕೆ ಸರಿಯಾದ ದಾರಿ ಮೊದಲೇ ಕೇಳಿಕೊಳ್ಳುವುದು. ರಿಲೀವಿಂಗ್ ಲೆಟರ್ ಕೊನೆಯ ದಿನದ ನಂತರ ಮಾತ್ರ ಸಿಗುತ್ತದೆ, ಅಲ್ಲಿಯವರೆಗೆ ರಾಜೀನಾಮೆಯ ಅಂಗೀಕಾರದ ಇಮೇಲ್ ಮತ್ತು ಕೊನೆಯ ಕೆಲಸದ ದಿನವನ್ನು ಖಚಿತಪಡಿಸುವ ಎಚ್‌ಆರ್ ಪತ್ರವನ್ನು ಸಲ್ಲಿಸಿದರೆ ಸಾಕೇ, ಮೂಲ ಪತ್ರವನ್ನು ಸೇರಿದ ಎಷ್ಟು ದಿನಗಳ ಒಳಗೆ ಕೊಡಬೇಕು ಎಂದು ಬರೆದು ಕೇಳಿ. ಹೆಚ್ಚಿನ ಸಂಸ್ಥೆಗಳು ಇದಕ್ಕೆ ಒಪ್ಪುತ್ತವೆ, ಏಕೆಂದರೆ ಈ ತೊಡಕು ಕೆಲಸ ಬದಲಾಯಿಸುವ ಪ್ರತಿಯೊಬ್ಬರಿಗೂ ಇರುವುದೇ. ಆದರೆ ಒಪ್ಪಿಗೆ ಲಿಖಿತವಾಗಿ ಇದ್ದರೆ, ಪೋರ್ಟಲ್ ನೋಡಿಕೊಳ್ಳುವ ಬೇರೆ ವ್ಯಕ್ತಿ ಕೇಳಿದಾಗ ಅದನ್ನೇ ಮುಂದಿಡಬಹುದು. ಮಾರ್ಚ್ 11ರಂದು ನಮ್ಮ ಉದಾಹರಣೆಯ ಮಹಿಳೆ ಪಡೆದ ಉತ್ತರ ಇಲ್ಲಿ ಎರಡನೆಯ ಬಾರಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಗಮನಿಸಿ.

ದಾಖಲೆಗಳಲ್ಲಿ ಎರಡು ಬಗೆಯ ವ್ಯತ್ಯಾಸಗಳನ್ನು ಕಳುಹಿಸುವ ಮೊದಲೇ ನೀವೇ ಹುಡುಕಿಕೊಳ್ಳಬೇಕು. ಒಂದು, ಹೆಸರಿನದು. ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಪೂರ್ಣ ಹೆಸರು, ಬ್ಯಾಂಕ್ ಖಾತೆಯಲ್ಲಿ ಮದುವೆಯ ನಂತರ ಬದಲಾದ ಹೆಸರು ಎಂದಿರುವುದು ಸಾಮಾನ್ಯ. ಮನುಷ್ಯರು ನೋಡಿದರೆ ಒಬ್ಬರೇ ಎಂದು ತಿಳಿಯುತ್ತದೆ. ಆದರೆ ಪರಿಶೀಲನೆಯಲ್ಲಿ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಲಾಗುತ್ತದೆ, ವಿಶ್ವವಿದ್ಯಾಲಯಕ್ಕೆ ಕಳುಹಿಸುವ ವಿಚಾರಣೆಯಲ್ಲಿ ಪ್ರಮಾಣಪತ್ರದಲ್ಲಿರುವ ಹೆಸರೇ ಇರಬೇಕಾಗುತ್ತದೆ. ಎರಡು, ದಿನಾಂಕದ್ದು. ನಾವು ಬಯೋಡೇಟಾದಲ್ಲಿ ತಿಂಗಳು ಮತ್ತು ವರ್ಷವನ್ನಷ್ಟೇ ಬರೆದಿರುತ್ತೇವೆ, ಅದೂ ನೆನಪಿನಿಂದ. ಹಿಂದಿನ ಸಂಸ್ಥೆಯ ಎಚ್‌ಆರ್ ದಾಖಲೆಯಲ್ಲಿ ಸೇರಿದ ದಿನ ಜೂನ್ ತಿಂಗಳದ್ದು, ಬಯೋಡೇಟಾದಲ್ಲಿ ಮೇ ಎಂದಿದ್ದರೆ, ಪರಿಶೀಲನೆಯ ವರದಿಯಲ್ಲಿ ಅದು ವ್ಯತ್ಯಾಸ ಎಂದು ದಾಖಲಾಗುತ್ತದೆ. ಆಫರ್ ಬಂದ ದಿನವನ್ನೋ ತರಬೇತಿ ಆರಂಭವಾದ ದಿನವನ್ನೋ ಸೇರಿದ ದಿನ ಎಂದು ನೆನಪಿಟ್ಟುಕೊಂಡಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಪರಿಶೀಲನೆಯ ಫಾರ್ಮ್ ತುಂಬುವಾಗ ಬಯೋಡೇಟಾ ನೋಡಿ ತುಂಬಬೇಡಿ, ಪ್ರತಿ ಸಂಸ್ಥೆಯ ಅನುಭವ ಪತ್ರವನ್ನು ಮುಂದಿಟ್ಟುಕೊಂಡು ಅದರಲ್ಲಿರುವ ದಿನಾಂಕವನ್ನೇ ಬರೆಯಿರಿ. ಬಯೋಡೇಟಾ ಬೇರೆ ಹೇಳುತ್ತಿದ್ದರೆ, ಅದನ್ನು ರಿಕ್ರೂಟರ್‌ಗೆ ನೀವೇ ಮೊದಲು ತಿಳಿಸಿ. ನೀವು ಹೇಳಿದಾಗ ಅದು ತಿದ್ದುಪಡಿ ಎನಿಸುತ್ತದೆ. ಅವರೇ ಕಂಡುಹಿಡಿದರೆ ಅದಕ್ಕೆ ವಿವರಣೆ ಕೊಡಬೇಕಾಗುತ್ತದೆ.

ಈ ಫಾರ್ಮ್‌ಗಳಲ್ಲಿ ಒಂದು ಸಣ್ಣ ಚೌಕವಿರುತ್ತದೆ. ಈಗಿನ ಸಂಸ್ಥೆಯ ವಿವರಗಳ ಕೆಳಗೆ, ನಿಮ್ಮ ಈಗಿನ ಉದ್ಯೋಗದಾತರನ್ನು ಸಂಪರ್ಕಿಸಬಹುದೇ ಎಂದು ಅದು ಕೇಳುತ್ತದೆ. ಕೆಲವು ಫಾರ್ಮ್‌ಗಳಲ್ಲಿ ‘ಹೌದು’ ಎಂದು ಮೊದಲೇ ಗುರುತು ಬಿದ್ದಿರುತ್ತದೆ. ಹತ್ತಾರು ಪುಟ ತುಂಬಿ ದಣಿದ ಕೈ ಅದನ್ನು ದಾಟಿ ಮುಂದೆ ಹೋಗುವುದು ಸುಲಭ. ಇನ್ನೂ ರಾಜೀನಾಮೆ ಕೊಡದವರ ಮಟ್ಟಿಗೆ ಅದರ ಪರಿಣಾಮವನ್ನು ನಾನು ವಿವರಿಸಬೇಕಾಗಿಲ್ಲ. ಅಲ್ಲಿ ‘ಈಗ ಬೇಡ’ ಎಂದು ಆರಿಸಿ, ಯಾವ ದಿನಾಂಕದ ನಂತರ ಸಂಪರ್ಕಿಸಬಹುದು ಎಂದು ಬರೆಯುವ ಜಾಗವಿದ್ದರೆ ಕೊನೆಯ ಕೆಲಸದ ದಿನದ ಮರುದಿನವನ್ನು ಬರೆಯಿರಿ. ಆ ಜಾಗವಿಲ್ಲದಿದ್ದರೆ ಅದನ್ನೇ ರಿಕ್ರೂಟರ್‌ಗೆ ಕಳುಹಿಸುವ ಪತ್ರದಲ್ಲಿ ಬರೆಯಿರಿ.

ರಾಜೀನಾಮೆಯ ಮಾತು ಬಂತು, ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳಿಬಿಡುತ್ತೇನೆ. ಆಫರ್ ಲೆಟರ್‌ನ ಕೊನೆಯಲ್ಲಿ, ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿ ಮುಗಿಯುವುದಕ್ಕೆ ಒಳಪಟ್ಟು ಎಂಬ ಸಾಲು ಇದ್ದರೆ ಆ ಆಫರ್ ಷರತ್ತಿನದು. ಷರತ್ತು ಪೂರೈಸುವ ಮೊದಲು ರಾಜೀನಾಮೆ ಕೊಡುವವರು, ಎರಡೂ ಕೆಲಸಗಳ ನಡುವೆ ನಿಲ್ಲುವ ಅಪಾಯವನ್ನು ಒಂಟಿಯಾಗಿ ಹೊರುತ್ತಾರೆ. ಈಗಿನ ಸಂಸ್ಥೆಯನ್ನು ಮುಟ್ಟದೆ ಮುಗಿಸಬಹುದಾದ ಪರಿಶೀಲನೆಗಳು ಸಾಕಷ್ಟಿವೆ: ಗುರುತು, ವಿಳಾಸ, ವಿದ್ಯಾಭ್ಯಾಸ, ಅದಕ್ಕೂ ಹಿಂದಿನ ಉದ್ಯೋಗಗಳು. ಅವುಗಳನ್ನು ಮೊದಲು ಆರಂಭಿಸಿ, ಫಲಿತಾಂಶ ತಿಳಿಸಲು ಸಾಧ್ಯವೇ ಎಂದು ಕೇಳುವುದು ನ್ಯಾಯವಾದ ಕೋರಿಕೆ. ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ನೋಟಿಸ್ ಅವಧಿ ಉದ್ದವಿದ್ದಾಗ, ಬೇಗ ರಾಜೀನಾಮೆ ಕೊಡಿ ಎಂಬ ಒತ್ತಾಯವೂ ಬರುತ್ತದೆ. ಆದರೂ ಕೇಳಿ, ಏಕೆಂದರೆ ಅವರ ಉತ್ತರದಿಂದ ಪರಿಶೀಲನೆ ಯಾವಾಗ ಆರಂಭವಾಗುತ್ತದೆ, ಸಾಮಾನ್ಯವಾಗಿ ಎಷ್ಟು ದಿನ ಹಿಡಿಯುತ್ತದೆ ಎಂಬುದಾದರೂ ತಿಳಿಯುತ್ತದೆ.

ಪರಿಶೀಲನೆಯನ್ನು ಬಹಳ ಸಂಸ್ಥೆಗಳು ಹೊರಗಿನ ಕಂಪನಿಗೆ ವಹಿಸಿರುತ್ತವೆ. ಹಾಗಾಗಿ ನೀವು ಹಿಂದೆಂದೂ ಕೇಳದ ಹೆಸರಿನಿಂದ, ನಿಮ್ಮ ಎಲ್ಲ ಗುರುತಿನ ದಾಖಲೆಗಳನ್ನು ಕೇಳುವ ಒಂದು ಲಿಂಕ್ ಬರುತ್ತದೆ. ವಂಚಕರ ಲಿಂಕ್ ಸಹ ಹಾಗೆಯೇ ಕಾಣುತ್ತದೆ. ಆದ್ದರಿಂದ ಪರಿಶೀಲನೆಯ ಕಂಪನಿಯ ಹೆಸರೇನು, ಯಾವ ಇಮೇಲ್ ವಿಳಾಸದಿಂದ ಲಿಂಕ್ ಬರುತ್ತದೆ ಎಂದು ರಿಕ್ರೂಟರ್‌ನಿಂದ ಮೊದಲೇ ತಿಳಿದುಕೊಳ್ಳಿ, ಬಂದ ಮೇಲೆ ಹೋಲಿಸಿ ನೋಡಿ. ಪರಿಶೀಲನೆಯ ಶುಲ್ಕ, ಲ್ಯಾಪ್‌ಟಾಪ್‌ನ ಠೇವಣಿ, ತರಬೇತಿಯ ಖರ್ಚು ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ, ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ. ಸಂಬಳಕ್ಕಾಗಿ ಖಾತೆಯ ಸಂಖ್ಯೆ ಬೇಕಾಗುತ್ತದೆ, ಪಾಸ್‌ವರ್ಡ್ ಆಗಲಿ ಓಟಿಪಿ ಆಗಲಿ ಯಾವ ಸಂಸ್ಥೆಗೂ ಬೇಕಾಗುವುದಿಲ್ಲ.

ಈಗ ಪತ್ರವನ್ನೇ ಓದುತ್ತೇನೆ. ನಮ್ಮ ಉದಾಹರಣೆಯ ಮಹಿಳೆ ಮಾರ್ಚ್ 11ರ ಸಂಜೆ ಬರೆಯುವುದು ಹೀಗೆ.

‘ಮಾನ್ಯರೇ, ಮಾರ್ಚ್ 3ರಂದು ನಾನು ಸಹಿ ಮಾಡಿದ ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಮೇ 5 ಎಂದಿದೆ. ನನ್ನ ಕೊನೆಯ ಕೆಲಸದ ದಿನ ಮೇ 7 ಎಂದು ಈಗಿನ ಸಂಸ್ಥೆ ಇಂದು ಲಿಖಿತವಾಗಿ ತಿಳಿಸಿದ್ದು, ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. ಆದ್ದರಿಂದ ಮೇ 12ರ ಸೋಮವಾರ ಸೇರಲು ಅನುಮತಿ ಕೋರುತ್ತೇನೆ. ಒಪ್ಪಿಗೆಯಾದಲ್ಲಿ ತಿದ್ದಿದ ಆಫರ್ ಲೆಟರ್ ಕಳುಹಿಸಿಕೊಡಿ. ಈ ಬದಲಾವಣೆಯಿಂದ ಮೊದಲ ಸಂಬಳದ ತಿಂಗಳು ಮತ್ತು ವಿಮೆ ಆರಂಭವಾಗುವ ದಿನ ಬದಲಾಗುತ್ತವೆಯೇ ಎಂದೂ ತಿಳಿಸಿ. ನೀವು ಕಳುಹಿಸಿದ ಪಟ್ಟಿಯ ದಾಖಲೆಗಳಲ್ಲಿ ರಿಲೀವಿಂಗ್ ಲೆಟರ್ ಹೊರತು ಉಳಿದೆಲ್ಲವೂ ಸಿದ್ಧವಿವೆ. ಅದು ಕೊನೆಯ ದಿನದ ನಂತರ ಮಾತ್ರ ಸಿಗುವುದರಿಂದ, ಅಲ್ಲಿಯವರೆಗೆ ಲಗತ್ತಿಸಿದ ಪತ್ರವನ್ನು ಸ್ವೀಕರಿಸಬಹುದೇ, ಮೂಲ ಪತ್ರಕ್ಕೆ ಗಡುವು ಎಷ್ಟು? ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರು ಇನಿಷಿಯಲ್ ಸಹಿತ ಇದೆ, ಗುರುತಿನ ದಾಖಲೆಯಲ್ಲಿ ಪೂರ್ಣವಾಗಿದೆ. ಇದಕ್ಕೆ ಬೇರೆ ಘೋಷಣೆ ಬೇಕಿದ್ದರೆ ತಿಳಿಸಿ. ಈಗಿನ ಸಂಸ್ಥೆಯನ್ನು ಮೇ 8ರ ನಂತರ ಮಾತ್ರ ಸಂಪರ್ಕಿಸುವಂತೆ ಪರಿಶೀಲನೆಯವರಿಗೆ ಸೂಚಿಸಬೇಕೆಂದು ಕೋರುತ್ತೇನೆ. ದಿನಾಂಕದ ಬಗ್ಗೆ ಮಾರ್ಚ್ 14ರ ಶುಕ್ರವಾರದೊಳಗೆ ಉತ್ತರ ದೊರೆತರೆ ಅನುಕೂಲ.’

ಈ ಪತ್ರದಲ್ಲಿ ಕೃತಜ್ಞತೆಯ ಉದ್ದನೆಯ ಪೀಠಿಕೆ ಇಲ್ಲ, ಕ್ಷಮೆಯಾಚನೆಯೂ ಇಲ್ಲ. ದಿನಾಂಕವನ್ನು ಮುಂದೂಡಿ ಎಂದು ಕೇಳುವವರು ತಪ್ಪಿತಸ್ಥರಂತೆ ಬರೆಯುವುದನ್ನು ನಾನು ಬಹಳ ನೋಡಿದ್ದೇನೆ, ಅದರ ಅಗತ್ಯವಿಲ್ಲ. ದಿನಾಂಕ, ಅದರ ಕಾರಣ, ಕಾರಣಕ್ಕೆ ಪುರಾವೆ, ನಿಮಗೆ ಬೇಕಾದ ಉತ್ತರ, ಆ ಉತ್ತರ ಬೇಕಾದ ದಿನ ಇವಿಷ್ಟಿದ್ದರೆ ರಿಕ್ರೂಟರ್ ಅದನ್ನು ಹಾಗೆಯೇ ತಮ್ಮ ಸಂಸ್ಥೆಯ ಸಂಬಳ ವಿಭಾಗಕ್ಕೂ ಪರಿಶೀಲನೆಯ ತಂಡಕ್ಕೂ ಕಳುಹಿಸಬಹುದು. ದಿನ ಬರೆಯುವಾಗ ವಾರವನ್ನೂ ಸೇರಿಸಿ, ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 5/12 ಎಂದು ಬರೆದರೆ ಒಂದು ದೇಶದಲ್ಲಿ ಮೇ 12 ಎಂದೂ ಇನ್ನೊಂದರಲ್ಲಿ ಡಿಸೆಂಬರ್ 5 ಎಂದೂ ಓದುತ್ತಾರೆ.

ಮೊದಲ ದಿನದ ವಿವರಗಳನ್ನು ಈ ಪತ್ರದಲ್ಲಿ ತುಂಬಬೇಡಿ. ಅವುಗಳಿಗೆ ಸೇರುವ ಹತ್ತು ದಿನ ಮೊದಲು ಇನ್ನೊಂದು ಚಿಕ್ಕ ಪತ್ರ ಸಾಕು, ಏಕೆಂದರೆ ಎರಡು ತಿಂಗಳ ಮೊದಲು ಕೇಳಿದರೆ ಉತ್ತರ ಅವರಿಗೂ ಗೊತ್ತಿರುವುದಿಲ್ಲ. ಎಷ್ಟು ಗಂಟೆಗೆ, ಯಾವ ಕಟ್ಟಡದಲ್ಲಿ, ಯಾರನ್ನು ಕಾಣಬೇಕು, ಒಳಗೆ ಬಿಡಲು ದ್ವಾರದಲ್ಲಿ ಯಾವ ಗುರುತು ತೋರಿಸಬೇಕು ಎಂಬುವು ಸಹಜವಾಗಿ ಎಲ್ಲರೂ ಕೇಳುವವು. ಮನೆಯಿಂದ ಕೆಲಸ ಮಾಡುವವರಾದರೆ ಲ್ಯಾಪ್‌ಟಾಪ್ ಯಾವ ವಿಳಾಸಕ್ಕೆ ಹೊರಟಿದೆ, ಯಾವಾಗ ತಲುಪುತ್ತದೆ, ಮೊದಲ ಬಾರಿ ಲಾಗಿನ್ ಆಗುವ ವಿವರ ನಿಮ್ಮ ಸ್ವಂತ ಇಮೇಲ್‌ಗೆ ಬರುತ್ತದೆಯೇ, ಮೊದಲ ಸಭೆಯ ಸಮಯ ಯಾವ ದೇಶದ ಗಡಿಯಾರದ್ದು ಎಂದು ಕೇಳಬೇಕು. ಲಾಗಿನ್ ವಿವರ ಸಂಸ್ಥೆಯ ಹೊಸ ಇಮೇಲ್‌ಗೇ ಹೋಗಿ, ಆ ಇಮೇಲ್ ತೆರೆಯಲು ಅದೇ ವಿವರ ಬೇಕಾಗಿ, ಹೊಸಬರು ಮೊದಲ ಬೆಳಗನ್ನು ಫೋನಿನಲ್ಲಿ ಕಳೆಯುವುದು ಅಪರೂಪವಲ್ಲ. ಇದಕ್ಕಿಂತ ಮುಖ್ಯವಾಗಿ, ಸೇರಿದ ದಿನದಿಂದ ನಿಮ್ಮ ವಿಷಯವನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. ರಿಕ್ರೂಟರ್‌ನ ಕೆಲಸ ಬಹುಮಟ್ಟಿಗೆ ನೀವು ಸೇರಿದ ದಿನಕ್ಕೆ ಮುಗಿಯುತ್ತದೆ. ರಿಲೀವಿಂಗ್ ಲೆಟರ್‌ಗೆ ಸಿಕ್ಕ ಗಡುವು, ಹೆಸರಿನ ವ್ಯತ್ಯಾಸದ ಬಗ್ಗೆ ಆದ ಒಪ್ಪಂದ ಇವೆಲ್ಲ ಅವರ ಇಮೇಲ್ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತವೆ. ಮುಂದಿನ ವ್ಯಕ್ತಿಯ ಹೆಸರು ತಿಳಿದರೆ ಆ ಹಳೆಯ ಇಮೇಲ್‌ಗಳನ್ನು ಅವರಿಗೆ ನೀವೇ ಕಳುಹಿಸಬಹುದು.

ಸಭೆಯಲ್ಲಿ ಒಬ್ಬರು, ರಿಕ್ರೂಟರ್ ಉತ್ತರವನ್ನೇ ಕೊಡದಿದ್ದರೆ ಏನು ಮಾಡಬೇಕು ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಒಬ್ಬ ರಿಕ್ರೂಟರ್ ಏಕಕಾಲಕ್ಕೆ ಹಲವು ಹುದ್ದೆಗಳನ್ನು ತುಂಬಿಸುತ್ತಿರುತ್ತಾರೆ, ಒಪ್ಪಿಗೆ ಕೊಟ್ಟವರ ಇಮೇಲ್‌ಗಿಂತ ಇನ್ನೂ ಒಪ್ಪದವರ ಇಮೇಲ್ ಅವರಿಗೆ ತುರ್ತು ಎನಿಸುವುದು ಸಹಜ. ನೀವು ಕೇಳಿದ ದಿನ ದಾಟಿದ ಮೇಲೆ ಒಂದು ಕೆಲಸದ ದಿನ ಕಾಯಿರಿ, ನಂತರ ಕರೆ ಮಾಡಿ. ಕರೆಯಲ್ಲಿ ಒಪ್ಪಿಗೆ ಸಿಕ್ಕರೆ, ಅದೇ ದಿನ ಹಳೆಯ ಇಮೇಲ್‌ನ ಮುಂದುವರಿಕೆಯಾಗಿ, ‘ಈ ದಿನ ಮಾತನಾಡಿದಂತೆ ಸೇರುವ ದಿನಾಂಕ ಮೇ 12 ಎಂದು ತಿಳಿದುಕೊಂಡಿದ್ದೇನೆ, ತಪ್ಪಿದ್ದರೆ ತಿಳಿಸಿ’ ಎಂದು ಬರೆದು ಕಳುಹಿಸಿ. ಇದು ತಿದ್ದಿದ ಆಫರ್ ಲೆಟರ್‌ನ ಸ್ಥಾನ ತುಂಬುವುದಿಲ್ಲ, ಆದರೆ ಮಾತುಕತೆ ನಡೆದದ್ದಕ್ಕೆ ದಿನಾಂಕ ಹೊತ್ತ ಸಾಕ್ಷಿಯಾಗುತ್ತದೆ. ಕರೆಗೂ ಉತ್ತರವಿಲ್ಲದಿದ್ದರೆ, ಆಫರ್ ಲೆಟರ್‌ಗೆ ಸಂಸ್ಥೆಯ ಪರವಾಗಿ ಸಹಿ ಹಾಕಿದವರಿಗೆ, ರಿಕ್ರೂಟರ್‌ನ ಹೆಸರನ್ನು ಪ್ರತಿಯಲ್ಲಿ ಇಟ್ಟು, ಅದೇ ಪತ್ರವನ್ನು ಕಳುಹಿಸಿ. ಒಂದು ವಾರ ಕಳೆದರೂ ಸಂಸ್ಥೆಯಿಂದ ಯಾರೂ ಉತ್ತರಿಸದಿದ್ದರೆ, ಮತ್ತು ನೀವು ಇನ್ನೂ ರಾಜೀನಾಮೆ ಕೊಟ್ಟಿಲ್ಲದಿದ್ದರೆ, ಉತ್ತರ ಬರುವವರೆಗೆ ಕೊಡಬೇಡಿ.